ವಿಷಯ: ಬಿಡಿಸಿದರೆ ನಿಲ್ಲದ ಕೊಡೆ

ನಮ್ಮ ಪೇಟೆಯ ಶೆಟ್ರಿಗೆ ಜಗಳ ಆಡಲು ಬರುವುದಿಲ್ಲ. ಆ ಕೆಲಸಕ್ಕೆ ಅವರು ನನ್ನನ್ನು ಇಟ್ಟುಕೊಂಡಿದ್ದಾರೆ. ಸಂಬಳ ಅಂತ ಏನಿಲ್ಲ, ಪತ್ರವೊಂದಕ್ಕೆ ಒಂದು ಲೋಟ ಬೆಲ್ಲದ ಕಾಫಿ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವ್ಯವಹಾರ ಪತ್ರ ಕಲಿಸಿ, ಐದಕ್ಕೆ ಮೂರೂವರೆಗಿಂತ ಹೆಚ್ಚು ಯಾರಿಗೂ ಕೊಡದೆ ನಿವೃತ್ತನಾದವನು. ನಾನೇ ಬರೆದ ದೂರಿನ ಪತ್ರಗಳಲ್ಲಿ ಒಂದಕ್ಕೂ ಈ ಸಲದವರೆಗೆ ಉತ್ತರ ಬಂದಿರಲಿಲ್ಲ ಎಂಬ ಗುಟ್ಟನ್ನು ಅವರಿಗೆ ಹೇಳಿಲ್ಲ.

ಇಂಥ ಅಂಗಡಿಯವರು ನಿಮ್ಮ ಊರಲ್ಲೂ ಇರುತ್ತಾರೆ. ‘ಇಲ್ಲ’ ಅನ್ನಲಾರರು, ‘ನಾಳೆ ಬರ್ತದೆ’ ಅನ್ನುತ್ತಾರೆ. ಉದ್ರಿ ಪುಸ್ತಕದಲ್ಲಿ ಬಾಕಿಯವರ ಹೆಸರಿಗೂ ‘ಶ್ರೀ’ ಸೇರಿಸುತ್ತಾರೆ. ಗಿರಾಕಿ ಬೈದರೆ ತಲೆ ಬಗ್ಗಿಸುತ್ತಾರೆ, ಸಗಟು ಸಾಹುಕಾರರು ಬೈದರೆ ಸೊಂಟವನ್ನೇ ಬಗ್ಗಿಸುತ್ತಾರೆ.

ಈ ಸಲದ ಪ್ರಕರಣ ಕೊಡೆಯದು. ಆಗುಂಬೆಯ ಈಚೆಗಿನ ನಮ್ಮ ಊರಿನಲ್ಲಿ ಕೊಡೆ ಅಂದರೆ ಅಕ್ಕಿಯ ಹಾಗೆ, ಮೇ ತಿಂಗಳಲ್ಲೇ ತಂದಿಡಬೇಕು. ಶೆಟ್ರು ಶಿವಮೊಗ್ಗದ ಸಗಟು ಅಂಗಡಿಯೊಂದರಿಂದ ಐದು ಡಜನ್ ಕರಿ ಕೊಡೆ ತರಿಸಿದರು. ಮೊದಲನೆಯದನ್ನು ಕೊಂಡವನು ನಾನೇ. ಮೃಗಶಿರ ಮಳೆಯ ಎರಡನೇ ದಿನ ಬಸ್‌ಸ್ಟ್ಯಾಂಡಿನ ಎದುರು, ನನ್ನ ಹಳೆಯ ವಿದ್ಯಾರ್ಥಿಗಳ ಸಮಕ್ಷಮದಲ್ಲಿ, ಅದು ತಾನಾಗಿಯೇ ಮಡಚಿಕೊಂಡು ನನ್ನ ತಲೆಯನ್ನು ಕುತ್ತಿಗೆಯವರೆಗೆ ನುಂಗಿತು. ಒಳಗಿನಿಂದ ನನಗೆ ಕೇಳಿಸಿದ್ದು ಮಳೆಯ ಸದ್ದಲ್ಲ, ನಗೆಯ ಸದ್ದು.

ಅಂಗಡಿಗೆ ಹೋದರೆ ಅಲ್ಲಿ ಆಗಲೇ ಮೂರು ಜನ ಒದ್ದೆಯಾಗಿ ನಿಂತಿದ್ದರು. ಶೆಟ್ರು ಎಲ್ಲರಿಗೂ ದುಡ್ಡು ವಾಪಸು ಕೊಡುತ್ತಿದ್ದರು. ನನ್ನನ್ನು ನೋಡಿದ್ದೇ, “ಮೇಷ್ಟ್ರೇ, ಒಂದು ಪತ್ರ ಬರೀಬೇಕಾಯ್ತಲ್ಲ ಮಾರಾಯ್ರೇ” ಅಂದರು.

ಪತ್ರದ ಒಕ್ಕಣೆಯನ್ನು ಅವರೇ ಹೇಳಿದರು. ಸಾಹುಕಾರರ ಕ್ಷೇಮ, ಅವರ ತಾಯಿಯ ಮಂಡಿನೋವು, ಮಗಳ ಮದುವೆಗೆ ಬರಲಾಗದ್ದಕ್ಕೆ ಕ್ಷಮೆ, ಅಡಿಕೆಯ ಕೊಳೆರೋಗ ಎಲ್ಲ ಆಗಿ ಪುಟದ ಕೊನೆಗೆ ಬಂದಾಗ, ಅಂಚಿನಲ್ಲಿ ಅಡ್ಡವಾಗಿ: “ವಿ.ಸೂ.: ಕೊಡೆ ಸ್ವಲ್ಪ ಸಮ ಇಲ್ಲ ಅಂತ ಜನ ಹೇಳ್ತಾರೆ.” ಇದನ್ನು ಓದಿದ ಯಾವ ಸಾಹುಕಾರರಾದರೂ ತಾಯಿಯ ಮಂಡಿಗೆ ಎಣ್ಣೆ ಹಚ್ಚಲು ಎದ್ದು ಹೋಗುತ್ತಾರೆಯೇ ಹೊರತು ಕೊಡೆ ಕಳಿಸುವುದಿಲ್ಲ.

“ಸಮ ಇಲ್ಲ ಅಂದ್ರೆ ಎಂತ ಶೆಟ್ರೇ? ಬಟ್ಟೆ ಸೋರ್ತದಾ, ಕಡ್ಡಿ ಮುರೀತದಾ?”

ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಕೊಡೆ ಹಿಡಿದು ನೆಲಕ್ಕೆ ಕೂತೆವು. ಕೊಡೆ ಬಿಡಿಸಿದಾಗ ಕಡ್ಡಿಗಳನ್ನು ಹೊತ್ತ ಬಳೆ ಕೋಲಿನ ಮೇಲೆ ಜಾರಿ ಹೋಗುತ್ತದಲ್ಲ, ಅದು ಕೆಳಗಿಳಿಯದಂತೆ ತಡೆಯುವುದು ಕೋಲಿನ ಸೀಳಿನಿಂದ ಹೊರಗೆ ಇಣುಕುವ ಒಂದು ಸಣ್ಣ ಉಕ್ಕಿನ ನಾಲಗೆ. ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಹೊರಗೆ ಚಿಮ್ಮಬೇಕು. ಈ ಕೊಡೆಗಳಲ್ಲಿ ನಾಲಗೆಗೆ ಗಡಸುತನವೇ ಇಲ್ಲ. ಮೂರು ನಾಲ್ಕು ಸಲ ಒತ್ತುವಷ್ಟರಲ್ಲಿ ಬಾಗಿ ಒಳಗೇ ಉಳಿಯುತ್ತದೆ. ಹಾಗಾಗಿಯೇ ಅಂಗಡಿಯಲ್ಲಿ ಒಂದು ಸಲ ಬಿಡಿಸಿ ನೋಡಿದವನಿಗೆ ಕೊಡೆ ಚೆನ್ನಾಗಿಯೇ ಕಾಣುತ್ತದೆ, ಕೈಕೊಡುವುದು ದಾರಿಯಲ್ಲಿ. ಮಾಲು ಬಂದ ದಿನ ಶೆಟ್ರು ನೋಡಿಕೊಳ್ಳಬೇಕಿತ್ತು ಅಂತ ಯಾರೂ ಹೇಳುವ ಹಾಗಿಲ್ಲ.

ಉಳಿದ 37 ಕೊಡೆಗಳನ್ನೂ ಹತ್ತತ್ತು ಸಲ ಬಿಡಿಸಿ ಮಡಚಿದೆವು. 31 ಬಿದ್ದವು, 6 ನಿಂತವು. ಶೆಟ್ರಿಗೆ ಅಷ್ಟೇ ಸಾಕಿತ್ತು. ನಾನು ಬಿಡಲಿಲ್ಲ. ಅಟ್ಟದಲ್ಲಿ ಹೋದ ವರ್ಷದ ಐದು ಕೊಡೆ ಇದ್ದವು, ಅದೇ ಗುರುತಿನವು, ಲಾಟ್ ನಂಬರ್ ಮಾತ್ರ ಬೇರೆ. ಅವನ್ನೂ ಹತ್ತು ಸಲ ಬಿಡಿಸಿದೆವು. ಐದೂ ಗಟ್ಟಿ ನಿಂತವು. ‘ನಿಮ್ಮ ಗಿರಾಕಿಗಳು ಒರಟಾಗಿ ಬಿಡಿಸಿರಬೇಕು’ ಅನ್ನುವುದು ಸಗಟಿನವರ ಬಾಯಿಪಾಠದ ಮೊದಲ ಸಾಲು. ಅದಕ್ಕೆ ಉತ್ತರ ಅಟ್ಟದಲ್ಲಿ ದೂಳು ತಿನ್ನುತ್ತಿತ್ತು.

ಆಮೇಲೆ ನನಗೆ ಕಾಯ್ದೆಯ ಹುಮ್ಮಸ್ಸು ಬಂತು. ಶೆಟ್ರ ಅವಸ್ಥೆ ನೋಡಿ: ಅವರಿಂದ ಕೊಡೆ ಕೊಂಡ ನಾನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು, ಅವರು ಹೋಗುವ ಹಾಗಿಲ್ಲ. ಮರುಮಾರಾಟಕ್ಕೆ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕನೇ ಅಲ್ಲ. ಅಂಥವನಿಗೆ ಇರುವುದು 1930ರ ಸರಕು ಮಾರಾಟ ಕಾಯ್ದೆ. ಕೊಳ್ಳುವಾಗ ನೋಡಿದರೂ ಕಾಣದಂಥ ದೋಷಕ್ಕೆ ಅದು ಮಾರಿದವನನ್ನೇ ಹೊಣೆ ಮಾಡುತ್ತದೆ. ಮಾಲು ಬೇಡ ಅಂತ ತಿಳಿಸಿದರೆ ಸಾಕು, ಬೇರೆ ಕರಾರು ಇಲ್ಲದಿದ್ದರೆ ತಾನೇ ಹೊತ್ತು ಮುಟ್ಟಿಸಬೇಕಾಗಿಲ್ಲ. ಆದರೆ ತಿಂಗಳುಗಟ್ಟಲೆ ಸುಮ್ಮನೆ ಕೂತರೆ ಒಪ್ಪಿಕೊಂಡ ಹಾಗೆಯೇ. ಇಷ್ಟನ್ನೂ ಕೆಂಪು ಶಾಯಿಯಲ್ಲಿ ಬರೆಯಲು ಹೊರಟಿದ್ದೆ.

“ಕಾಯ್ದೆ ಗೀಯ್ದೆ ಬೇಡ ಮೇಷ್ಟ್ರೇ. ಅವರ ಅಪ್ಪ ನಮ್ಮ ಅಪ್ಪಯ್ಯಂಗೆ ಉದ್ರಿ ಕೊಟ್ಟವರು.”

ಕಾಯ್ದೆ ಬಿಟ್ಟೆ. ಬದಲಿಗೆ ಅವರು ಮಂಡಿನೋವು ಬಿಡಬೇಕು ಅಂದೆ. ಐದನೇ ಪ್ರತಿಗೆ ರಾಜಿಯಾಯಿತು:

“ಮಾನ್ಯರೇ, ಮೇ 22ರ ಬಿಲ್ಲಿನಲ್ಲಿ ತಮ್ಮಿಂದ ಬಂದ 60 ಕರಿ ಕೊಡೆಗಳಲ್ಲಿ 23 ಮಾರಾಟವಾಗಿ, 14 ವಾಪಸು ಬಂದಿವೆ. ಬಿಡಿಸಿದ ಮೇಲೆ ಬಳೆಯನ್ನು ತಡೆಯುವ ಸ್ಪ್ರಿಂಗ್ ಒಳಗೆ ಕೂತು ಕೊಡೆ ತಾನಾಗಿ ಮಡಚುತ್ತದೆ. ಅಂಗಡಿಯಲ್ಲಿದ್ದ 37ನ್ನು ಹತ್ತು ಸಲ ಬಿಡಿಸಿ ನೋಡಿದ್ದೇವೆ. 31ರಲ್ಲಿ ಇದೇ ದೋಷ. ಹೋದ ವರ್ಷದ ಲಾಟಿನ 5 ಕೊಡೆಗಳು ಇದೇ ಪರೀಕ್ಷೆಯಲ್ಲಿ ಸರಿಯಾಗಿವೆ. ಒಟ್ಟು 45 ಕೊಡೆಗಳನ್ನು ಬೇರೆ ಲಾಟಿನಿಂದ ಜುಲೈ 5ರೊಳಗೆ ಬದಲಾಯಿಸಿ ಕೊಡಬೇಕು. ಇಲ್ಲದಿದ್ದರೆ ಬಿಲ್ಲಿನ ದರದಲ್ಲಿ ಕ್ರೆಡಿಟ್ ನೋಟ್ ಕಳಿಸಬೇಕು. ಗಿರಾಕಿಗಳ ಕೈಯಲ್ಲಿರುವ 9 ವಾಪಸು ಬಂದರೆ ಅವಕ್ಕೂ ಇದೇ ಮಾತು. ಕೆಟ್ಟವನ್ನು ತೆಗೆದಿಟ್ಟಿದ್ದೇವೆ, ತಮ್ಮವರು ಬಂದು ನೋಡಬಹುದು. ಪಾರ್ಸೆಲ್ ಖರ್ಚು ತಮ್ಮದು.”

ಜುಲೈ 5 ಯಾಕೆಂದರೆ ಅದರ ಆಸುಪಾಸಿಗೆ ಪುನರ್ವಸು ಮಳೆ ಹುಟ್ಟುತ್ತದೆ. ಆಶ್ಲೇಷ ಕಳೆದ ಮೇಲೆ ಬರುವ ಕೊಡೆಯನ್ನು ಶೆಟ್ರು ಮುಂದಿನ ಮೇ ತಿಂಗಳವರೆಗೆ ಇಲಿಯಿಂದ ಕಾಯಬೇಕಾಗುತ್ತದೆ. ತಾರೀಖು ಹಾಕದ ಬೇಡಿಕೆಯನ್ನು ಸಗಟಿನವರು ‘ನೋಡುವಾ’ ಅನ್ನುವ ಕಡತಕ್ಕೆ ಸೇರಿಸುತ್ತಾರೆ.

‘ಪಾರ್ಸೆಲ್ ಖರ್ಚು ತಮ್ಮದು’ ಅನ್ನುವ ಸಾಲು ಬರೆಯುವಾಗ ಶೆಟ್ರು ಎದ್ದು ಒಳಗೆ ಹೋದರು, ಆಗಬಾರದ ಮಾತು ಕಿವಿಗೆ ಬೀಳದಿರಲಿ ಅಂತ. ಸಹಿ ಹಾಕುವಾಗ ಕೈ ನಡುಗಿತು. ಲಕೋಟೆ ಅಂಟಿಸುವ ಮೊದಲು ನನಗೆ ಬೆನ್ನು ತಿರುಗಿಸಿ ಅದರ ಕೆಳಗೆ ಏನೋ ಗೀಚಿದರು. ಮಂಡಿನೋವು ಒಳಗೆ ಹೋಯಿತು ಅಂತ ಗೊತ್ತಾಯಿತು. ಸುಮ್ಮನಿದ್ದೆ.

ಆ ಮೂರು ವಾರ ಶೆಟ್ರು ಸೋತ ಕೊಡೆಗಳಲ್ಲೇ ಒಂದನ್ನು ಹಿಡಿದು ಓಡಾಡಿದರು. ಅಟ್ಟದ ಒಳ್ಳೆಯ ಐದನ್ನು ದುಡ್ಡು ವಾಪಸು ಪಡೆದವರಿಗೇ ಮಾರಿದ್ದರು, ಹಳೇ ದರಕ್ಕೆ. ಬಳೆ ಜಾರದಂತೆ ಬಲಗೈ ಹೆಬ್ಬೆರಳನ್ನು ಕೋಲಿಗೆ ಒತ್ತಿ ಹಿಡಿದು, ಎಡಗೈಯಲ್ಲಿ ಪಂಚೆ ಎತ್ತಿಕೊಂಡು, ಸಂಜೆ ಮಳೆಯಲ್ಲಿ ಮನೆಗೆ ಹೋಗುತ್ತಿದ್ದರು. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆ ತಿರುಗಿ ಕೈ ಮುಗಿಯಲು ಹೋಗಿ ಎರಡು ಸಲ ಕೊಡೆಯೊಳಗೆ ಮಾಯವಾದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಮೊದಲ ಸಲ ನಕ್ಕೆ. ಎರಡನೇ ಸಲ ಕಿಟಕಿ ಮುಚ್ಚಿದೆ.

ಜುಲೈ 4ಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಬಂತು. ನನ್ನ ಜೀವಮಾನದ ಮೊದಲ ಉತ್ತರ! ಹೆಂಡತಿಗೆ ಹೇಳಿದೆ, ಪಕ್ಕದ ಮನೆಯವರಿಗೂ ಹೇಳಿದೆ. ಗೆದ್ದದ್ದು ನನ್ನ ಐದನೇ ಪ್ರತಿಯೋ ಅವರ ಮಂಡಿನೋವೋ ಅನ್ನುವುದನ್ನು ಮಾತ್ರ ಕೆದಕಲಿಲ್ಲ.

ಮರುದಿನ ಬೆಳಿಗ್ಗೆ ಶೆಟ್ರು ಬಾಗಿಲಲ್ಲಿದ್ದರು. ಮುಖದಲ್ಲಿ ಅದೇ ಹಳೆಯ ಅಪರಾಧಿ ಕಳೆ, ಕೈಯಲ್ಲಿ ಒಂದು ಹೊಸ ಕೊಡೆ.

“ಎಂತ ಶೆಟ್ರೇ, ಇದೂ ನಿಲ್ಲೂದಿಲ್ವಾ?”

“ನಿಲ್ತದೆ ಮೇಷ್ಟ್ರೇ, ಎಲ್ಲ ಹತ್ತತ್ತು ಸಲ ಬಿಡಿಸಿದೆ. ಆದ್ರೆ ನಲವತ್ತಾರು ಬಂದಿದೆ.” ಕೊಡೆಯನ್ನು ಮೇಜಿನ ಮೇಲಿಟ್ಟು, ಪಕ್ಕಕ್ಕೆ ಒಂದು ಖಾಲಿ ಹಾಳೆ ಇಟ್ಟರು. “ವಿಷಯ ಅಂತ ಎಂತ ಹಾಕುವಾ?”