ಉಳಿತಾಯರಾಯರ ನೂರು ಗಂಟೆ

ಉಡುಪಿ ಕಡೆಯ ಯಾವ ಸಹಕಾರಿ ಸೊಸೈಟಿಗೆ ಕಾಲಿಟ್ಟರೂ ಒಬ್ಬ ಉಳಿತಾಯರಾಯರು ಸಿಗುತ್ತಾರೆ. ಅವರು ಉಳಿಸುವುದು ಹಣವನ್ನಲ್ಲ, ಸಮಯವನ್ನು, ಅದೂ ಬೇರೆಯವರದ್ದು. ಚಾ ತರುವ ಹುಡುಗನನ್ನೂ ಬಿಡುವುದಿಲ್ಲ: "ಎರಡು ಸಲ ಬರುವ ಬದಲು ಒಂದೇ ಸಲ ತಾ ಮಾರಾಯ, ವರ್ಷಕ್ಕೆ ಎಷ್ಟು ಗಂಟೆ ಉಳೀತದೆ ಗೊತ್ತುಂಟಾ?" ಚಾ ತಣ್ಣಗಾಗುವುದು ಅವರ ಲೆಕ್ಕದಲ್ಲಿ ಬರುವುದಿಲ್ಲ.

ನಾನು ಹೇಳುತ್ತಿರುವ ರಾಯರ ಸೊಸೈಟಿಗೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಶಾಖೆಗಳು. ನಾಲ್ಕೂ ಕಡೆ ಪಿಗ್ಮಿ ಉಂಟು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಸಲು ಶುರುಮಾಡಿದ ಆ ಪಿಗ್ಮಿಯೇ ಇದು. ಈಗ ಏಜೆಂಟರ ಕೈಯಲ್ಲಿ ಪುಟ್ಟ ಮೆಷಿನ್. ಬೆಳಿಗ್ಗೆ ಮೆಷಿನ್ನಿನ ಪಟ್ಟಿಯನ್ನು ಪ್ರಿಂಟ್ ಮಾಡಿ, ಕಂಪ್ಯೂಟರಿನಲ್ಲಿ ಜಮೆಯಾದದ್ದರ ಜೊತೆ ಸಾಲು ಸಾಲಾಗಿ ಟಿಕ್ ಹಾಕಬೇಕು. ಒಂದೇ ಹೆಸರಿನ ಎರಡು ಖಾತೆಯಲ್ಲಿ ಅತ್ತೆಯ ದುಡ್ಡು ಸೊಸೆಗೆ ಹೋಗಿದ್ದರೆ ಸಿಕ್ಕುವುದು ಅಲ್ಲೇ. ರಾತ್ರಿಯ ವಸೂಲಿ ಮರುದಿನದ ತಾರೀಕಿಗೆ ಬಿದ್ದಿದ್ದರೂ ಅಷ್ಟೇ.

ರಾಯರು ಈ ಟಿಕ್ಕನ್ನು ಕಂಪ್ಯೂಟರಿಗೆ ಒಪ್ಪಿಸಿದರು. ತಾಳೆಯಾಗದ ಸಾಲು ಮಾತ್ರ ಕೆಂಪಾಗಿ ಬರುತ್ತದೆ. ಕೆಲಸ ಚಂದವೇ, ಅದರಲ್ಲಿ ಮಾತಿಲ್ಲ. ಆಮೇಲೆ ವರದಿ ಬರೆದರು: ಶಾಖೆಗೆ ದಿನಕ್ಕೆ ಒಂದು ಗಂಟೆ, ನಾಲ್ಕು ಶಾಖೆ, ತಿಂಗಳಿಗೆ 25 ದಿನ, ಉಳಿತಾಯ ನೂರು ಗಂಟೆ. ಕೆಳಗೆ ಸಣ್ಣದಾಗಿ, ಸಾಲದ ಕಂತಿನ ತಾಳೆಯನ್ನೂ ಹೀಗೇ ಮಾಡಲು ಅನುಮತಿ ಕೋರಿಕೆ.

ಮ್ಯಾನೇಜರ್ ಮೇಡಂ ಕನ್ನಡಕ ಏರಿಸಿದರು. "ನೂರು ಗಂಟೆ ಉಳಿದದ್ದು ಹೌದಾದ್ರೆ, ಆ ಹೊತ್ತಲ್ಲಿ ಈಗ ಯಾರು ಎಂಥ ಮಾಡ್ತಿದ್ದಾರೆ ರಾಯರೇ?"

ರಾಯರಿಗೆ ಇದು ಅನಿರೀಕ್ಷಿತ. "ಒಂದು ಗಂಟೆ ಅಂತ ಎಲ್ಲರೂ ಹೇಳ್ತಾರಲ್ಲ ಮೇಡಂ."

"ಹೇಳುವುದು ಬೇರೆ. ನೀವು ಕೂತು ನೋಡಿದ್ದುಂಟಾ?"

ನೋಡಿರಲಿಲ್ಲ. ಪುಣ್ಯಕ್ಕೆ ಎರಡು ಶಾಖೆಗೆ ಹೊಸ ವ್ಯವಸ್ಥೆ ಇನ್ನೂ ಹೋಗಿರಲಿಲ್ಲ. ಮತ್ತೆರಡರಲ್ಲಿ ಹಳೆಯ ಕ್ರಮವನ್ನೇ ಎರಡು ವಾರ ಪುನಃ ನಡೆಸಿ ಎಂದು ಅಪ್ಪಣೆಯಾಯಿತು. ರಾಯರು ಗಡಿಯಾರ ಹಿಡಿದು ಹೊರಟರು. ಪ್ರಿಂಟ್ ಕೈಗೆ ತೆಗೆದುಕೊಂಡಲ್ಲಿಂದ ಕೊನೆಯ ಟಿಕ್‌ವರೆಗೆ ಮಾತ್ರ ಲೆಕ್ಕ ಎಂಬುದು ಮೇಡಂ ಅವರ ಷರತ್ತು. ಆಗ ಗೊತ್ತಾಯಿತು, ಆ ಒಂದು ಗಂಟೆಯೊಳಗೆ ಏಜೆಂಟರನ್ನು ಕಾಯುವುದು, ಪ್ರಿಂಟರಿನ ಕಾಗದ ಸಿಕ್ಕಿಕೊಳ್ಳುವುದು, ಕೌಂಟರಿಗೆ ಬಂದವರ ಮಗಳ ಮದುವೆ ವಿಚಾರಿಸುವುದು ಎಲ್ಲ ಇತ್ತು. ಯಾವ ಸಾಫ್ಟ್‌ವೇರೂ ಏಜೆಂಟರ ಸ್ಕೂಟರನ್ನು ಬೇಗ ತರುವುದಿಲ್ಲ.

ಕಾರ್ಕಳದಲ್ಲಿ ರಾಯರು ಒಂದು ಉಪಾಯ ಹೂಡಿದರು: ಅತ್ತೂರು ಜಾತ್ರೆಯ ರಜೆ ಮುಗಿದ ದಿನದ್ದನ್ನೇ ಬರೆದರೆ ಹೇಗೆ? ಪಟ್ಟಿ ಅವತ್ತು ಮಾರುದ್ದ. ಮೇಡಂ ಒಪ್ಪಲಿಲ್ಲ. ಅಂಥ ದಿನವೂ ಸೇರಲಿ, ಸಪ್ಪೆ ದಿನವೂ ಸೇರಲಿ, ಸರಾಸರಿ ತನ್ನಿ ಎಂದರು. ಕಾಪುವಿನ ಅಕ್ಕನಂತೂ ನೇರವಾಗಿ ಹೇಳಿಬಿಟ್ಟರು: "ಶನಿವಾರ ನಾನು ಟಿಕ್ ಹಾಕುವುದೇ ಇಲ್ಲ ಮಾರಾಯ್ರೆ, ಸೋಮವಾರ ಒಟ್ಟಿಗೆ." ಮಾಡದ ಕೆಲಸದಲ್ಲಿ ಉಳಿಸುವುದೇನು?

ಸರಾಸರಿ ಬಂತು: ಮಣಿಪಾಲ 40 ನಿಮಿಷ, ಉಡುಪಿ 30, ಕಾರ್ಕಳ 20, ಕಾಪು 10. ಒಟ್ಟು 100 ನಿಮಿಷ. ಹೊಸ ಕ್ರಮದಲ್ಲೂ ಕೆಂಪು ಸಾಲನ್ನು ಯಾರಾದರೂ ನೋಡಿ ಏಜೆಂಟರಿಗೆ ಫೋನ್ ಮಾಡಲೇಬೇಕು. ಶಾಖೆಗೆ ಐದು ನಿಮಿಷ, ಒಟ್ಟು 20. ಉಳಿದದ್ದು ದಿನಕ್ಕೆ 80 ನಿಮಿಷ, ತಿಂಗಳಿಗೆ 33 ಗಂಟೆ ಚಿಲ್ಲರೆ. ಮೆಷಿನ್ನಿನ ಪಟ್ಟಿಯ ನಮೂನೆ ಬದಲಾದಾಗಲೆಲ್ಲ ರಾಯರು ಕೂತು ಸರಿಮಾಡುವ ಮೂರು ಗಂಟೆ ಚಿಲ್ಲರೆ ಕಳೆದರೆ 30. ನೂರು ಹೋಗಿ ಮೂವತ್ತಾದಾಗ ರಾಯರ ಮುಖ ನೋಡಬೇಕಿತ್ತು.

ಮೇಡಂಗೆ ಮಾತ್ರ ಖುಷಿ. "ಕಟ್ಟಲಿಕ್ಕೆ ಹಿಡಿದದ್ದು 60 ಗಂಟೆ, ಎರಡೇ ತಿಂಗಳಲ್ಲಿ ಹುಟ್ಟಿತಲ್ಲ! ಆದರೆ ಈ 80 ನಿಮಿಷ ನಾಲ್ಕು ಊರಲ್ಲಿ ಚೂರುಚೂರಾಗಿ ಉಂಟು. ಇದನ್ನು ತೋರಿಸಿ ಒಬ್ಬರ ಸಂಬಳ ಉಳೀತು ಅಂತ ನಾನು ಬೋರ್ಡಿಗೆ ಬರೆಯಲಿಕ್ಕಾಗುವುದಿಲ್ಲ. ತಪ್ಪು ಶನಿವಾರವೂ ಅವತ್ತೇ ಸಿಕ್ತದೆ ಅಂತ ಬರೀಬಹುದು."

ಉಳಿದದ್ದು ಸಾಲದ ಕಂತು. ಅದು ಕಾರ್ಕಳದಲ್ಲಿ ಮಾತ್ರ, ದಿನಕ್ಕೆ ಹತ್ತು ನಿಮಿಷ. ತಿಂಗಳಿಗೆ ನಾಲ್ಕು ಗಂಟೆ. ರಿಪೇರಿಗೆ ಒಂದು ಕಳೆದರೆ ಮೂರು. ಕಟ್ಟಲು 40 ಗಂಟೆ. ಅಸಲು ಹುಟ್ಟಲು ವರ್ಷ ದಾಟಬೇಕು; ಅಷ್ಟರಲ್ಲಿ ಸೊಸೈಟಿಯ ಸಾಫ್ಟ್‌ವೇರೇ ಬದಲಾಗುವ ಮಾತು ನಡೆದಿದೆ.

ಮೇಡಂ ವರದಿಯ ಅಂಚಿನಲ್ಲಿ ಬರೆದರು: "ಕಂತಿನ ಕೆಲಸ ಸದ್ಯ ಬೇಡ. ಪಿಗ್ಮಿಯದ್ದು ನಾಲ್ಕೂ ಶಾಖೆಯಲ್ಲಿ ನಡೆಯಲಿ. ಮೂರು ತಿಂಗಳ ನಂತರ ಪುನಃ ಅಳೆದು ತರುವುದು. ಯಾರೋ ಹೇಳಿದ್ದನ್ನು ಬರೆಯಬಾರದು."