ಬ್ಯಾಂಕು ತೆಗೆದಿದೆಯಾ, ಮಾವ?

ಮೈಸೂರು ಮೈನ್ಸ್‌ನಲ್ಲಿ ಹುಟ್ಟಿ ಬೆಳೆದವರಿಗೆ ಗಡಿಯಾರ ಒಂದು ಒಡವೆ ಅಷ್ಟೆ. ಗಣಿಯ ಸೈರನ್ ಕೂಗಿದರೆ ಪಾಳಿ ಬದಲಾಯಿತು, ಅಲ್ಲಿಗೆ ಹೊತ್ತು ತಿಳಿಯಿತು. ಸೈರನ್ ನಿಂತದ್ದು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ. ಗಣಿಯಲ್ಲಿ ವೈಂಡಿಂಗ್ ಎಂಜಿನ್ ಓಡಿಸಿ ನಿವೃತ್ತರಾದ ನಮ್ಮ ಮಾವನವರು ಅಲ್ಲಿಂದೀಚೆಗೆ ತಮ್ಮ ಎಚ್‌ಎಂಟಿ ವಾಚನ್ನು ನಂಬಿಕೊಂಡಿದ್ದಾರೆ. ಕಳೆದ ವರ್ಷ ಮೇ ತಿಂಗಳಲ್ಲಿ ಅತ್ತೆಯವರೊಂದಿಗೆ ಇಂಗ್ಲೆಂಡಿನ ರೆಡಿಂಗ್‌ಗೆ ನಮ್ಮ ಮನೆಗೆ ಬಂದಾಗಲೂ ವಾಚಿಗೆ ಇಲ್ಲಿನ ಸಮಯ ಕೊಟ್ಟು, ಊರಿನ ಸಮಯ ಬೇಕಾದಾಗ ಕೈಯನ್ನೇ ತಿರುಗಿಸಿ ವಾಚನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು.

ಇದು ತಮಾಷೆಯಲ್ಲ, ನಿಜಕ್ಕೂ ನಡೆಯುವ ಉಪಾಯ. ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ವಾಚು ತಲೆಕೆಳಗಾದರೆ ನಿಮಿಷದ ಮುಳ್ಳು ಅರ್ಧ ಗಂಟೆ, ಗಂಟೆಯ ಮುಳ್ಳು ಆರು ಗಂಟೆ ಸರಿದಂತೆ ಕಾಣುತ್ತದೆ. ಅಂಕಿಗಳನ್ನು ನೋಡಬಾರದು, ಮುಳ್ಳು ನಿಂತ ಜಾಗವನ್ನು ಮಾತ್ರ ನೋಡಬೇಕು. ಇಲ್ಲಿ ಮೂರು ಗಂಟೆಯಾದರೆ ತಲೆಕೆಳಗಾದ ವಾಚಿನಲ್ಲಿ ಸಣ್ಣ ಮುಳ್ಳು ಒಂಬತ್ತರ ಮೇಲೆ, ದೊಡ್ಡದು ಆರರ ಮೇಲೆ. ಒಂಬತ್ತೂವರೆ ಎಂದುಕೊಂಡವನು ಕೆಟ್ಟ. ಹಿಂದಿನದನ್ನೇ ಹಿಡಿಯಬೇಕು, ಎಂಟೂವರೆ.

ಆದರೆ ಮೇ ತಿಂಗಳಲ್ಲಿ ಇಂಗ್ಲೆಂಡಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿರುತ್ತಾರೆ. ಆಗ ವ್ಯತ್ಯಾಸ ನಾಲ್ಕೂವರೆ ಗಂಟೆ ಮಾತ್ರ. ಮಾವ ಬೇಸಿಗೆಯಿಡೀ ಬೆಳಗಿನ ನಾಲ್ಕೂವರೆಗೆ ಕೈ ತಿರುಗಿಸಿ, "ಹತ್ತಾಯ್ತು, ಬ್ಯಾಂಕು ತೆಗೆದಿರ್ತಾರೆ" ಎಂದು ಫೋನು ಹಚ್ಚುತ್ತಿದ್ದರು. ರಾಬರ್ಟ್‌ಸನ್‌ಪೇಟೆಯಲ್ಲಿ ಆಗಿನ್ನೂ ಒಂಬತ್ತು. ಒಮ್ಮೆ ಕಸ ಗುಡಿಸುವಾಕೆ ಫೋನೆತ್ತಿ, ಮಾವನ ಜೊತೆ ತಮಿಳಿನಲ್ಲಿ ಕ್ಷೇಮಸಮಾಚಾರ ಮಾತಾಡಿ ಇಟ್ಟಳು. 2025ರ ಅಕ್ಟೋಬರ್ 26ರ ಭಾನುವಾರ ಇಂಗ್ಲೆಂಡಿನ ಗಡಿಯಾರಗಳು ಒಂದು ಗಂಟೆ ಹಿಂದೆ ಬಂದವು, ವಾಚಿನ ಲೆಕ್ಕ ಕೂಡಿತು. "ನೋಡಿದ್ರಾ ಅಳಿಯಂದಿರೇ, ತಪ್ಪು ತಿದ್ಕೊಂಡ್ರು" ಎಂದರು ಮಾವ.

ನನಗೆ ಅವರ ಸಂಭ್ರಮ ಅರ್ಥವಾಗುತ್ತದೆ. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಳ್ಳುವವರೆಗೆ ಆ ಗಣಿಗಳ ಆಡಳಿತ ನಡೆದದ್ದು ಲಂಡನ್ನಿನಲ್ಲಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯಿಂದ. ಮಾರಿಕುಪ್ಪದಲ್ಲಿ ಈಗ ಎಷ್ಟು ಗಂಟೆ ಎಂದು ಇಲ್ಲಿನವರು ಲೆಕ್ಕ ಹಾಕುತ್ತಿದ್ದ ಕಾಲವದು. ಈಗ ಮಾರಿಕುಪ್ಪದವರೇ ಇಲ್ಲಿ ಕೂತು ಲೆಕ್ಕ ಹಾಕುತ್ತಿದ್ದಾರೆ.

ಲೆಕ್ಕ ತುರ್ತಾದದ್ದು ಅತ್ತೆಯವರಿಂದ. ಅವರು ನಿವೃತ್ತ ಶಿಕ್ಷಕಿ. ನವೆಂಬರ್ ಬಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಲೈಫ್ ಸರ್ಟಿಫಿಕೇಟು ಕೊಡಬೇಕು. ಸಹಿ ಮಾಡಿಸಿ ಅಂಚೆಯಲ್ಲಿ ಕಳಿಸಿದ್ದಾಗಿತ್ತು. ತಲುಪಿತೇ ಎಂದು ಕೇಳುವುದಷ್ಟೇ ಬಾಕಿ. ಬ್ಯಾಂಕಿನ ಹತ್ತರಿಂದ ನಾಲ್ಕು ನಮ್ಮ ಚಳಿಗಾಲದ ಬೆಳಗಿನ ನಾಲ್ಕೂವರೆಯಿಂದ ಹತ್ತೂವರೆ. ಇದರಲ್ಲೂ ಹತ್ತಕ್ಕೆ ಬಾಗಿಲು ತೆಗೆದರೆ ಹನ್ನೊಂದರವರೆಗೆ ಫೋನೆತ್ತುವವರಿಲ್ಲ, ಒಂದೂವರೆ ದಾಟಿದರೆ ಊಟದ ಹೊತ್ತು. ಒಟ್ಟಿನಲ್ಲಿ ಕೆಲಸಕ್ಕೆ ಬರುವುದು ನಮ್ಮ ಐದೂವರೆಯಿಂದ ಎಂಟು. ವಾರದ ದಿನಗಳಲ್ಲಿ ಆ ಹೊತ್ತು ಮಕ್ಕಳ ಡಬ್ಬಿ, ಕಾಲುಚೀಲ, ನನ್ನ ರೈಲು. ಹಾಗಾಗಿ ಶನಿವಾರವೇ ಗತಿ ಎಂದು ತೀರ್ಮಾನವಾಯಿತು.

ನವೆಂಬರ್ 1, ಶನಿವಾರ. ಬೆಳಗ್ಗೆ ಮಗ ಫೋನಿನ ನಕ್ಷೆ ತೆಗೆದು ತೋರಿಸಿದ. ಹಸಿರು ಅಕ್ಷರದಲ್ಲಿ Open, ನಾಲ್ಕಕ್ಕೆ ಮುಚ್ಚುತ್ತದೆ. ನಕ್ಷೆ ಊರಿನ ಸಮಯವನ್ನು ಸರಿಯಾಗಿಯೇ ಹಿಡಿದಿತ್ತು. ಫೋನು ಬಡಕೊಂಡಿತು, ಎತ್ತುವವರಿಲ್ಲ. ಅತ್ತೆಯ ತಂಗಿ ಕೃಷ್ಣಗಿರಿಯಲ್ಲಿದ್ದಾರೆ. ಅವರನ್ನು ಕೇಳಿದರೆ, "ಅಕ್ಕಾ, ಈಗ ತಾನೇ ಬ್ಯಾಂಕಿಗೆ ಹೋಗ್ಬಂದೆ, ಜನವೋ ಜನ" ಎಂದರು. ಅದೇ ಬ್ಯಾಂಕಿನ ಶಾಖೆ! ಅತ್ತೆ ರಾಬರ್ಟ್‌ಸನ್‌ಪೇಟೆಯ ಸಿಬ್ಬಂದಿಯ ವಂಶಾವಳಿ ತೆಗೆಯುವಷ್ಟರಲ್ಲಿ ಮಾವನಿಗೆ ಹೊಳೆಯಿತು.

"ಲೇ, ಇವತ್ತು ರಾಜ್ಯೋತ್ಸವ ಕಣೇ!"

ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಇರುವುದಾದರೂ ಹೇಗೆ? ಹೊರನಾಡಿನಲ್ಲಿ ರಾಜ್ಯೋತ್ಸವ ಬರುವುದು ನವೆಂಬರ್ 1ಕ್ಕಲ್ಲ, ಶಾಲೆಯ ಹಾಲು ಬಾಡಿಗೆಗೆ ಸಿಕ್ಕಿದ ಶನಿವಾರ. ಬ್ಯಾಂಕಿನ ಹಬ್ಬದ ರಜೆಗಳು ಬಹುಪಾಲು ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ ರಾಜ್ಯ ರಾಜ್ಯಕ್ಕೆ ಬೇರೆ. ಕೆಜಿಎಫ್‌ನಿಂದ ಬಸ್ಸು ಹತ್ತಿ ಕರ್ನಾಟಕದ ಗಡಿ ದಾಟಿದರೆ ರಜೆಯೂ ಅಲ್ಲಿಗೇ ಮುಗಿಯುತ್ತದೆ. "ಇಂಡಿಯಾದಲ್ಲಿ ಇವತ್ತು ರಜೆಯಾ?" ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ರಿಸರ್ವ್ ಬ್ಯಾಂಕಿನ ರಜಾಪಟ್ಟಿಯಲ್ಲಿ ಬೆಂಗಳೂರಿನ ಸಾಲು ಏನು ಹೇಳುತ್ತದೆ ಎಂದು ಕೇಳಬೇಕು.

ಮುಂದಿನ ಶನಿವಾರ 8ನೇ ತಾರೀಖು. ನಕ್ಷೆ ಮತ್ತೆ ಹಸಿರು, ಫೋನು ಮತ್ತೆ ಮೌನ. ಈ ಸಲ ಗುಟ್ಟು ಬಿಡಿಸಿದವಳು ನನ್ನ ಹೆಂಡತಿ: ಎರಡನೇ ಶನಿವಾರ. 2015ರ ಸೆಪ್ಟೆಂಬರ್‌ನಿಂದ ದೇಶದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ನಕ್ಷೆಯ ವೇಳಾಪಟ್ಟಿಯಲ್ಲಿ ಇರುವುದು ಏಳು ದಿನಕ್ಕೆ ಏಳು ಸಾಲು. ಶನಿವಾರಕ್ಕೆ ಒಂದೇ ಸಾಲು. ಅದು ಎಷ್ಟನೇ ಶನಿವಾರ ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಬರೆದವನು ಹತ್ತರಿಂದ ನಾಲ್ಕು ಎಂದು ಬರೆದರೆ ತಿಂಗಳಿಗೆ ಎರಡು ಸಲ ಸುಳ್ಳು, ರಜೆ ಎಂದು ಬರೆದರೂ ಎರಡು ಮೂರು ಸಲ ಸುಳ್ಳು. ನೋಡುವವರೇ ತಾರೀಖು ಹಿಡಿಯಬೇಕು: ಎರಡನೇ ಶನಿವಾರ ಯಾವಾಗಲೂ 8ರಿಂದ 14ರೊಳಗೆ, ನಾಲ್ಕನೆಯದು 22ರಿಂದ 28ರೊಳಗೆ. ಅಂದು ಕನಕದಾಸ ಜಯಂತಿಯೂ ಆಗಿತ್ತು. ಒಂದು ರಜೆಯ ಹೊಟ್ಟೆಯೊಳಗೆ ಇನ್ನೊಂದು ರಜೆ ಹೋಗಿ ನಷ್ಟವಾಯಿತಲ್ಲಾ ಎಂದು ಮಾವ ಬ್ಯಾಂಕಿನವರ ಪರವಾಗಿ ಮರುಗಿದರು.

ಮಗ ಕ್ಯಾಲೆಂಡರ್ ಹಿಡಿದು ಕೂತ. 1 ರಾಜ್ಯೋತ್ಸವ, 8 ಎರಡನೆಯದು, 22 ನಾಲ್ಕನೆಯದು. ಐದು ಶನಿವಾರಗಳ ಆ ತಿಂಗಳಲ್ಲಿ ರಾಬರ್ಟ್‌ಸನ್‌ಪೇಟೆಯ ಬ್ಯಾಂಕು ತೆಗೆಯುವುದು 15 ಮತ್ತು 29ಕ್ಕೆ ಮಾತ್ರ. 29ರವರೆಗೆ ಕಾದರೆ ತಿಂಗಳೇ ಮುಗಿಯುತ್ತದೆ. "ಅಜ್ಜಿ, 15ಕ್ಕೇ ಬದುಕಿರ್ಬೇಕು ನೀನು" ಎಂದ.

15ರ ಬೆಳಗ್ಗೆ ಐದೂಮುಕ್ಕಾಲಿಗೆ ಮನೆಮಂದಿಯೆಲ್ಲ ಕಂಬಳಿ ಹೊದ್ದು ಅಡುಗೆಮನೆಯಲ್ಲಿ ನೆರೆದೆವು. ಮಾವ ಕೈ ತಿರುಗಿಸಿದರು. ಹನ್ನೊಂದೂಕಾಲು. ಫೋನೆತ್ತಿದರು! ಗುಮಾಸ್ತ ಕಡತ ಹುಡುಕಿ, ಕಾಗದ ಬಂದಿದೆ, ಆದರೆ ಪಿಂಚಣಿದಾರರೇ ಒಂದು ಮಾತು ಆಡಲಿ ಎಂದ. ಅತ್ತೆ ಫೋನು ಕಿತ್ತುಕೊಂಡವರೇ ರಾಜ್ಯೋತ್ಸವದಿಂದ ಶುರುಮಾಡಿ, ಕೃಷ್ಣಗಿರಿಯ ಶಾಖೆ, ನಕ್ಷೆಯ ಹಸಿರು, ಎತ್ತದ ಫೋನು, ಒಂದನ್ನೂ ಬಿಡದೆ ತರಗತಿಯ ದನಿಯಲ್ಲಿ ಒಪ್ಪಿಸಿದರು.

ಆತ ಸಾವಧಾನವಾಗಿ ಕೇಳಿಸಿಕೊಂಡ. "ಟೀಚರ್, ಅಲ್ಲಿ ಈಗ ಎಷ್ಟು ಗಂಟೆ?"

"ಐದು ಐವತ್ತು. ಬೆಳಗಿನ ಜಾವ. ಹೊರಗೆ ಕತ್ತಲು."

"ಸಾಕು ಬಿಡಿ ಟೀಚರ್, ಬದುಕಿದ್ದೀರಿ ಅಂತ ಹಾಕ್ಕೊಳ್ತೀನಿ."