ಶೇಕಡಾ ಸುಧೀಂದ್ರ

ಟೊಮೆಟೊ ಇಪ್ಪತ್ತರಿಂದ ಮೂವತ್ತಕ್ಕೆ ಏರಿದರೆ ನನಗೂ ನಿಮಗೂ ಹತ್ತು ರೂಪಾಯಿ ಜಾಸ್ತಿ. ನಮ್ಮ ಮಹಡಿ ಮನೆಯ ಸುಧೀಂದ್ರನಿಗೆ ಮಾತ್ರ ಐವತ್ತು ಪರ್ಸೆಂಟ್ ಜಾಸ್ತಿ. ಮದುವೆಯಾಗಿ ಎಂಟು ತಿಂಗಳು ಕಳೆದಿವೆ ಎಂದು ಅವನ ಬಾಯಲ್ಲಿ ಬರುವುದಿಲ್ಲ. ಮೊದಲ ವರ್ಷದ ಅರವತ್ತಾರು ಪರ್ಸೆಂಟ್ ಮುಗೀತು ಅನ್ನುತ್ತಾನೆ. ಬಾಡಿಗೆ 18,000. ವಿಜಯನಗರದ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಬಂದವನು.

ಮೊನ್ನೆ ಭಾನುವಾರ ಅವನೂ ಹೆಂಡತಿ ಪಲ್ಲವಿಯೂ ಒಂದು ಚಿನ್ನದಂಗಡಿಯ ಬಣ್ಣದ ಕರಪತ್ರ ಹಿಡಿದು ಕೆಳಗಿಳಿದು ಬಂದರು. ನಾನು ನಿವೃತ್ತ ಗಣಿತದ ಮೇಷ್ಟ್ರು ಎಂಬ ಕಾರಣಕ್ಕೆ ಇಂಥ ವ್ಯಾಜ್ಯಗಳೆಲ್ಲ ನಮ್ಮ ಕಾಫಿ ಕುಡಿದೇ ತೀರ್ಮಾನವಾಗಬೇಕು.

"ಅಂಕಲ್, ತಿಂಗಳಿಗೆ ಐದು ಸಾವಿರ. ಹತ್ತು ಕಂತು ನಾವು ಕಟ್ಟೋದು, ಹನ್ನೊಂದನೇದು ಅಂಗಡಿಯವರೇ ಹಾಕ್ತಾರೆ. ಐವತ್ತು ಸಾವಿರಕ್ಕೆ ಐವತ್ತೈದು ಸಾವಿರದ ಒಡವೆ!" ಎಂದ ಸುಧೀಂದ್ರ. "ಹತ್ತು ಪರ್ಸೆಂಟ್ ಅಂದ್ಕೋಬೇಡಿ. ಮೊದಲನೇ ಕಂತು ಹನ್ನೊಂದು ತಿಂಗಳು ಇರುತ್ತೆ, ಕೊನೇದು ಎರಡೇ ತಿಂಗಳು. ವರ್ಷದ ಲೆಕ್ಕಕ್ಕೆ ತಂದ್ರೆ ಹದಿನೆಂಟರ ಮೇಲೆ! ಬ್ಯಾಂಕಿನ ಆರ್.ಡಿ. ಆರೂವರೆ."

ಲೆಕ್ಕ ಸರಿಯಾಗೇ ಇತ್ತು. ಅದೇ ಹತ್ತು ಕಂತು ಅಷ್ಟೇ ದಿನ ಬ್ಯಾಂಕಿನಲ್ಲಿದ್ದರೆ ಸುಮಾರು 1,760 ರೂಪಾಯಿ ಬಡ್ಡಿ, ಕೈಗೆ 51,760. ಅಂಗಡಿ 3,240 ಮುಂದೆ. (ಹನ್ನೊಂದೇ ತಿಂಗಳು ಯಾಕೆ ಅಂದರೆ, ಕಂಪನಿಯೊಂದು ಮಾಲಿಗೆಂದು ಪಡೆದ ಮುಂಗಡಕ್ಕೆ 365 ದಿನದೊಳಗೆ ಮಾಲು ಕೊಡದಿದ್ದರೆ ಕಾನೂನು ಅದನ್ನು ಠೇವಣಿ ಎಂದು ಎಣಿಸುತ್ತದೆ. ಠೇವಣಿಯ ಕಟ್ಟುಪಾಡು ಯಾವ ಅಂಗಡಿಗೆ ಬೇಕು?)

ಪಲ್ಲವಿ ಕಾಫಿ ಲೋಟ ಕೆಳಗಿಟ್ಟಳು. "ಸುಧಿ, ಆ ಜುಮ್ಕಿಗೆ ವೇಸ್ಟೇಜ್ ಎಷ್ಟು ಅಂದ್ರು?"

"ಹದಿನಾಲ್ಕು... ಪರ್ಸೆಂಟ್." ಆ ಪದವನ್ನು ಅವನು ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಮ್ಮ ನಗರ್ತಪೇಟೆಯಲ್ಲಿ ತಗೊಳ್ಳೋ ಅಂಗಡೀಲಿ ಇಂಥದ್ದಕ್ಕೇ ಎಂಟು. ಅಲ್ಲೂ ಹಾಲ್‌ಮಾರ್ಕ್ ಇದೆ, ಎಚ್‌ಯುಐಡಿ ನಂಬರ್ ಇದೆ. ಚಿನ್ನ ಅದೇ 916. ಬೋನಸ್ ಒಂದು ಕಂತಿನಷ್ಟು, ಅಷ್ಟೇ. ವೇಸ್ಟೇಜ್ ಹಾಕೋದು ಪೂರ್ತಿ ಚಿನ್ನದ ಮೇಲೆ."

ನಾನು ಕರಪತ್ರದ ಹಿಂಬದಿ ತಿರುಗಿಸಿ ಪೆನ್ಸಿಲ್ ತೆಗೆದೆ. ಮೊದಲನೆಯ ಅಂಗಡಿಯಲ್ಲಿ ನೂರು ರೂಪಾಯಿ ಚಿನ್ನಕ್ಕೆ ಹದಿನಾಲ್ಕು ವೇಸ್ಟೇಜ್, ಒಟ್ಟಿನ ಮೇಲೆ ಮೂರು ಪರ್ಸೆಂಟ್ ಜಿಎಸ್‌ಟಿ ಸೇರಿ 117 ರೂಪಾಯಿ 42 ಪೈಸೆ. ನಗರ್ತಪೇಟೆಯಲ್ಲಿ 111 ರೂಪಾಯಿ 24 ಪೈಸೆ. ಸ್ಕೀಮಿನ 55,000ಕ್ಕೆ ಸಿಗುವ ಅಸಲು ಚಿನ್ನ 46,840 ರೂಪಾಯಿಯದು. ಆರ್.ಡಿ. ಹಣ ಹಿಡಿದು ನಗರ್ತಪೇಟೆಗೆ ಹೋದರೆ 46,530 ರೂಪಾಯಿಯದು.

"ಮುನ್ನೂರ ಹತ್ತು ರೂಪಾಯಿ ಸ್ಕೀಮೇ ಮುಂದೆ!" ಸುಧೀಂದ್ರನಿಗೆ ಜೀವ ಬಂತು. "ಸೊನ್ನೆ ಪಾಯಿಂಟ್ ಆರು ಏಳು ಪರ್ಸೆಂಟ್!"

"ಚಿನ್ನದ ರೇಟು ಏರಿದ್ರೆ?"

"ಎರಡೂ ಕಡೆ ಇರೋದು ರೂಪಾಯೇ. ಕೊಳ್ಳೋ ದಿನದ ರೇಟೇ."

"ಮಧ್ಯದಲ್ಲಿ ದುಡ್ಡು ಬೇಕಾದ್ರೆ?"

ಅವನು ಕರಪತ್ರದ ಕೊನೆಯಲ್ಲಿದ್ದ ಇರುವೆಯಷ್ಟು ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದ. ಕಂತು ತಪ್ಪಿದರೆ ಬೋನಸ್ ಇಲ್ಲ. ನಗದು ವಾಪಸ್ಸಿಲ್ಲ. ನಾಣ್ಯ ಕೊಡುವುದಿಲ್ಲ, ಒಡವೆ ಮಾತ್ರ, ಅದೂ ಅಲ್ಲೇ. ಆರ್.ಡಿ.ಯನ್ನು ನಡುವೆ ಮುರಿದರೆ ಬಡ್ಡಿ ಸ್ವಲ್ಪ ಕಮ್ಮಿಯಾಗುತ್ತದೆ. ಐದು ಲಕ್ಷದವರೆಗೆ ಠೇವಣಿ ವಿಮೆಯೂ ಉಂಟು. ಅಂಗಡಿಯ ಬಾಗಿಲು ಮುಚ್ಚಿದರೆ ಕೈಯಲ್ಲಿ ಉಳಿಯುವುದು ಪಾಸ್‌ಬುಕ್.

"ಮುನ್ನೂರ ಹತ್ತು ರೂಪಾಯಿಗೆ ಹನ್ನೊಂದು ತಿಂಗಳು ಆ ಅಂಗಡಿಗೇ ಕಟ್ಟಿಬಿದ್ದಿರೋಣ್ವಾ?" ಎಂದಳು ಪಲ್ಲವಿ.

ನಾನು ನ್ಯಾಯಾಧೀಶನ ಗತ್ತಿನಲ್ಲಿ ತೀರ್ಪು ಕೊಟ್ಟೆ: ಮನಸ್ಸು ಆ ಅಂಗಡಿಯ ಜುಮ್ಕಿಯಲ್ಲೇ ನಿಂತಿದ್ದರೆ ಕಣ್ಣುಮುಚ್ಚಿ ಸ್ಕೀಮು ಕಟ್ಟಿ. ಆರ್.ಡಿ. ಹಣ ತಂದರೂ ಅಲ್ಲಿ ಅದೇ ಹದಿನಾಲ್ಕು ತೆರಬೇಕು. ಬೇರೆ ಅಂಗಡಿಯ ವೇಸ್ಟೇಜ್ ಏಳೋ ಎಂಟೋ ಪಾಯಿಂಟ್ ಕಡಿಮೆಯಿದ್ದರೆ ಬ್ಯಾಂಕೇ ಗೆದ್ದಿತು. ಪಲ್ಲವಿ ಅಲ್ಲೇ ಮೊಬೈಲ್ ತೆಗೆದು ಆರ್.ಡಿ. ತೆರೆದಳು. ಜುಮ್ಕಿಯ ಚಿತ್ರವನ್ನು ಅಮ್ಮನಿಗೆ ಕಳಿಸಿ, ನಗರ್ತಪೇಟೆಯಲ್ಲಿ ಇದೇ ಡಿಸೈನ್ ಕೇಳು ಎಂದು ಬರೆದಳು.

ಸುಧೀಂದ್ರ ಸುಮ್ಮನೆ ಕೂತಿದ್ದ. ಸೋತ ಮುಖವಲ್ಲ ಅದು, ಹೊಸ ಲೆಕ್ಕ ಹೊಳೆದ ಮುಖ.

"ಅಂಕಲ್," ಎಂದ ಬಹಳ ವಿನಯದಿಂದ. "ನಮ್ಮ ಅಡ್ವಾನ್ಸ್ ಒಂದು ಲಕ್ಷ ಎಂಬತ್ತು ಸಾವಿರ ನಿಮ್ಮ ಹತ್ರ ಇದೆ ಅಲ್ವಾ? ಅದೇ ಆರೂವರೆ ಹಾಕಿದ್ರೂ ವರ್ಷಕ್ಕೆ 11,700..."

ಸಂಪು ತುಂಬಿದೆಯೋ ಇಲ್ಲವೋ ನೋಡಿ ಬರುತ್ತೇನೆ ಎಂದು ನಾನು ಎದ್ದೆ.